ಎರಡು ಕಡೆ ‘ಬಿಟ್ಟುಹೋಗಿದೆ’

ತಿದ್ದಿಕೊಡಿ ಅಂತ ನಾನು ಕೊಟ್ಟಿದ್ದ ತಮ್ಮ ಪುಸ್ತಕದ ಕರಡನ್ನು, ಅಂದರೆ ಪ್ರೂಫನ್ನು, ಮೇಷ್ಟ್ರು ಬಟ್ಟೆ ಚೀಲದಿಂದ ತೆಗೆದು ನನ್ನ ಮೇಜಿನ ಮೇಲಿಟ್ಟರು. ಅಂಚುಗಳೆಲ್ಲ ಮುದುಡಿದ್ದವು. ಎರಡು ವಾರ ಪೂರ್ತಿ ಓದಿದ್ದಾರೆ ಅನ್ನೋದು ಕಟ್ಟು ನೋಡಿದರೇ ಗೊತ್ತಾಗುತ್ತಿತ್ತು. ಪುಟ ತಿರುಗಿಸುತ್ತಾ ಹೋದಂತೆ ಕೆಂಪು ಪೆನ್ನಿನ ಗುರುತುಗಳು. ಆಮೇಲೆ ಎಣಿಸಿದೆ, 47 ಇದ್ದವು.

41ನೇ ಪುಟದ ಅಂಚಿನಲ್ಲಿ ‘ಇಲ್ಲಿ ಬಿಟ್ಟುಹೋಗಿದೆ’ ಎಂದು ಬರೆದಿದ್ದರು. 87ನೇ ಪುಟದಲ್ಲೂ ಅದೇ ಮಾತು, ಅದೇ ಕೆಂಪು ಪೆನ್ನು.

ಹಸ್ತಪ್ರತಿ ಅಂದರೆ ಅವರು ಕೊಟ್ಟಿದ್ದ ನಾಲ್ಕು ನೋಟ್‌ಬುಕ್ಕುಗಳು. ಅದನ್ನು ಪಕ್ಕಕ್ಕಿಟ್ಟುಕೊಂಡು 41ನೇ ಪುಟದ ಜಾಗ ಹುಡುಕಿದೆ. ಕೆರೆಯ ತೂಬು ಕೆಟ್ಟು ನೀರು ಗದ್ದೆಗೆ ನುಗ್ಗಿದ ಕತೆ ಅದು. ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಎರಡು ಪ್ಯಾರಾ ‘ಆ ವರ್ಷ’ ಎಂದೇ ಶುರುವಾಗಿದ್ದವು. ನಮ್ಮಲ್ಲಿ ಟೈಪ್ ಮಾಡುವ ಹುಡುಗಿಯ ಕಣ್ಣು ಮೊದಲ ‘ಆ ವರ್ಷ’ದಿಂದ ಎರಡನೆಯದಕ್ಕೆ ಜಾರಿದೆ. ನಡುವೆ ಒಂಬತ್ತು ಸಾಲು ಹೋಗಿದೆ. ಕೈಬರಹ ನೋಡಿ ಟೈಪ್ ಮಾಡುವವರಿಗೆಲ್ಲ ಆಗುವ ತಪ್ಪು ಇದು. ತಪ್ಪು ನಮ್ಮದೇ, ಎರಡು ಮಾತಿಲ್ಲ.

87ನೇ ಪುಟ ಜಾತ್ರೆಯ ಅಧ್ಯಾಯದಲ್ಲಿತ್ತು. ನೋಟ್‌ಬುಕ್ಕಿನ ಜೊತೆ ಸಾಲು ಸಾಲಾಗಿ ಹೋಲಿಸಿದೆ. ಏನೂ ಬಿಟ್ಟಿರಲಿಲ್ಲ.

“ಇಲ್ಲಿ ಏನು ಬಿಟ್ಟುಹೋಗಿದೆ ಮೇಷ್ಟ್ರೇ?” ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಮ್ಮನೆಯವಳು, ಕಣಮ್ಮ. ಇಷ್ಟು ಪುಟದಲ್ಲಿ ಎಲ್ಲೂ ಅವಳ ಹೆಸರೇ ಇಲ್ಲ. ಬರೆಯುವಾಗ ಗೊತ್ತಾಗಲಿಲ್ಲ. ನೀನು ಪುಸ್ತಕದ ಥರ ಮಾಡಿ ಕೊಟ್ಟೆ ನೋಡು, ಆಗ ಗೊತ್ತಾಯ್ತು.”

ತುಮಕೂರಿನಲ್ಲಿ ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಕಟ್ಟುವ ಕೆಲಸ, ಶುರುಮಾಡಿ 18 ವರ್ಷವಾಯಿತು. ಮೊದಲ ಪ್ರೂಫ್ ವಾಪಸ್ ಬರುವ ದಿನ ನಮ್ಮ ಕೆಲಸದಲ್ಲಿ ಬಹಳ ಸೂಕ್ಷ್ಮವಾದ ದಿನ. ಬಂದ ಗುರುತುಗಳಲ್ಲಿ ಯಾವುದು ನಮ್ಮ ತಪ್ಪಿನ ತಿದ್ದುಪಡಿ, ಯಾವುದು ಹೊಸ ಆಸೆ ಅನ್ನೋದು ನೋಡಿದ ಕೂಡಲೇ ತಿಳಿಯುವುದಿಲ್ಲ. ಎರಡೂ ಒಂದೇ ಪೆನ್ನಿನಲ್ಲಿ, ಒಂದೇ ಮಾತಿನಲ್ಲಿ ಬರುತ್ತವೆ. ‘ಬಿಟ್ಟುಹೋಗಿದೆ’, ‘ಸರಿಮಾಡಿ’, ‘ಹೀಗಲ್ಲ’. ಬರೆಯುವವರ ಮನಸ್ಸಿನಲ್ಲೂ ಅವು ಬೇರೆ ಬೇರೆಯಾಗಿರುವುದಿಲ್ಲ. ಪುಸ್ತಕ ತಾನು ಅಂದುಕೊಂಡ ಹಾಗಿಲ್ಲ ಅನ್ನುವ ಒಂದೇ ಸಂಕಟ ಇರುತ್ತದೆ.

ಮೊದಮೊದಲು ನಾನು ಹೀಗೆ ಬೇರೆ ಮಾಡುತ್ತಲೇ ಇರಲಿಲ್ಲ. ಮೊದಲ ಪುಟದಿಂದ ಹಿಡಿದು ಕಂಡ ಗುರುತನ್ನೆಲ್ಲ ತಿದ್ದುತ್ತಾ ಹೋಗುತ್ತಿದ್ದೆ. ಒಂದು ಸಂಘದ ಸ್ಮರಣ ಸಂಚಿಕೆ ಹಾಗೆ ಮಾಡಿ ಐದನೇ ಪ್ರೂಫ್‌ವರೆಗೆ ಹೋಯಿತು. ಪ್ರತಿ ಸಲವೂ ಹೊಸ ಲೇಖನ, ಹೊಸ ಫೋಟೊ, ಹೊಸ ಜಾಹೀರಾತು. ಅವನ್ನು ಸೇರಿಸುವಾಗ ಹಳೆಯ ಪುಟಗಳು ಜರುಗಿ ಹೊಸ ತಪ್ಪುಗಳು ಹುಟ್ಟುತ್ತಿದ್ದವು. ಕೊನೆಗೆ ಬಿಲ್ಲಿನ ಮಾತು ಬಂದಾಗ ಅವರು “ನಿಮ್ಮ ತಪ್ಪು ತಿದ್ದೋಕೆ ಐದು ಪ್ರೂಫ್ ಆಯ್ತು, ಅದಕ್ಕೆ ದುಡ್ಡು ಯಾಕೆ?” ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಹಾಗೇ ಕಂಡಿತ್ತು. ಯಾವ ಬದಲಾವಣೆ ಯಾರಿಂದ ಬಂತು ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಮುದ್ರಣದವರಿಗೆ ಇದು ಹಳೆಯ ತಲೆನೋವು. ಸೀಸದ ಅಕ್ಷರಗಳ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಪ್ಯಾರಾದ ಆರಂಭದಲ್ಲಿ ಒಂದು ಪದ ಸೇರಿಸಿದರೆ ಅದರ ಕೊನೆಯವರೆಗೂ ಮೊಳೆ ಬಿಚ್ಚಿ ಜೋಡಿಸಬೇಕಾಗುತ್ತಿತ್ತು. ಆದ್ದರಿಂದ ಲೆಕ್ಕ ಬೇರೆ ಇಡುತ್ತಿದ್ದರು. ಜೋಡಿಸಿದವರ ತಪ್ಪಾದರೆ ಪ್ರೆಸ್ಸಿನ ಖರ್ಚು, ಲೇಖಕರ ಬದಲಾವಣೆಯಾದರೆ ಲೇಖಕರ ಖರ್ಚು. ಬ್ರಿಟನ್ನಿನ ಮುದ್ರಣ ಪದ್ಧತಿಯಲ್ಲಿ ಇದಕ್ಕೆ ಶಾಯಿಯ ಬಣ್ಣವನ್ನೇ ಬೇರೆ ಮಾಡಿದ್ದಾರೆ. ಮುದ್ರಕರ ತಪ್ಪು ಕೆಂಪಿನಲ್ಲಿ, ಲೇಖಕರ ಬದಲಾವಣೆ ನೀಲಿಯಲ್ಲಿ. ನಾನೂ ಅದನ್ನು ನಮ್ಮ ಗಿರಾಕಿಗಳ ಕೈಲಿ ಮಾಡಿಸಲು ನೋಡಿದೆ. ಪ್ರೂಫ್ ಜೊತೆ ಎರಡು ಪೆನ್ನು ಕೊಟ್ಟೆ. ಎಲ್ಲವೂ ಕೆಂಪಿನಲ್ಲೇ ಬಂದವು. ಈಗ ಆ ವಿಂಗಡಣೆ ನಾನೇ ಮಾಡುತ್ತೇನೆ, ಅವರ ಎದುರೇ ಕೂತು, ಹಸ್ತಪ್ರತಿ ಪಕ್ಕದಲ್ಲಿಟ್ಟುಕೊಂಡು.

ಮೇಷ್ಟ್ರ ಪುಸ್ತಕಕ್ಕೆ ಮೊದಲೇ ಒಂದು ಚೀಟಿ ಬರೆದಿಟ್ಟಿದ್ದೆವು. ಡೆಮಿ 1/8 ಅಳತೆ, 12 ಪಾಯಿಂಟ್ ಅಕ್ಷರ, 24 ಫೋಟೊ, 14 ಅಧ್ಯಾಯ, ಎಂಟು ಫಾರಂ. ಒಂದು ಫಾರಂ ಅಂದರೆ ಒಟ್ಟಿಗೆ ಅಚ್ಚಾಗುವ 16 ಪುಟ, ಹಾಗಾಗಿ 128 ಪುಟ. ಜೊತೆಗೆ ನಾಲ್ಕು ಪುಟದ ಸ್ಯಾಂಪಲ್ ಮಾಡಿ ತೋರಿಸಿ, ಅದರ ಮೇಲೆ ಅವರ ಸಹಿ ಹಾಕಿಸಿಕೊಂಡಿದ್ದೆ. ಮೊದಲ ಪ್ರೂಫ್ 126 ಪುಟಕ್ಕೆ ಬಂದಿತ್ತು. ಎರಡು ಪುಟ ಖಾಲಿ ಉಳಿದಿತ್ತು.

ಇಬ್ಬರೂ ಕೂತು 47 ಗುರುತುಗಳನ್ನು ಒಂದೊಂದಾಗಿ ನೋಡಿದೆವು. ಪ್ರತಿ ಗುರುತಿಗೂ ನಾನು ಕೇಳುವುದು ಒಂದೇ ಪ್ರಶ್ನೆ: ಇದು ಕೊಟ್ಟಿದ್ದರಲ್ಲಿ ಇತ್ತಾ? ಅಂದರೆ ನೋಟ್‌ಬುಕ್ಕಿನಲ್ಲಿ, ಚೀಟಿಯಲ್ಲಿ, ಸ್ಯಾಂಪಲ್ ಪುಟದಲ್ಲಿ ಇತ್ತಾ? ಇದ್ದು, ಪ್ರೂಫಿನಲ್ಲಿ ಬೇರೆ ಥರ ಬಂದಿದ್ದರೆ ಅದು ತಿದ್ದುಪಡಿ. ಕೆಲಸ ಸಣ್ಣದೋ ದೊಡ್ಡದೋ ಅನ್ನೋದು ಲೆಕ್ಕಕ್ಕಿಲ್ಲ. ಕೇಳುವವರು ಕೋಪದಲ್ಲಿದ್ದಾರೋ ಇಲ್ಲವೋ ಅನ್ನೋದಂತೂ ಲೆಕ್ಕಕ್ಕೇ ಇಲ್ಲ.

ಹಾಗೆ ನೋಡಿದಾಗ 19 ಗುರುತು ಖಂಡಿತ ನಮ್ಮವೇ. ತೂಬಿನ ಪ್ಯಾರಾ ಒಂದು. ಎರಡು ಫೋಟೊಗಳ ಅಡಿಬರಹ ಅದಲುಬದಲಾಗಿತ್ತು. ಉಳಿದವುಗಳಲ್ಲಿ ಜಾಸ್ತಿ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸುವಾಗ ಆದವು. ಟೈಪ್ ಮಾಡುವ ಹುಡುಗಿಗೆ ಹಳೆಯ ನುಡಿ ಫಾಂಟೇ ಕೈಗೆ ಕೂತಿದೆ. ಪುಟ ಕಟ್ಟುವ ಮೊದಲು ನಾನು ಅದನ್ನು ಯೂನಿಕೋಡ್ ಮಾಡುತ್ತೇನೆ. ಆಗ ‘ಪೋಸ್ಟ್‌ಮನ್’ ಅನ್ನೋದು ‘ಪೋಸ್ಟ್ಮನ್’ ಆಗಿ, ಮ ಅಕ್ಷರ ಒತ್ತಾಗಿ ಕೆಳಗೆ ನೇತಾಡುತ್ತದೆ. ಎರಡು ಅಕ್ಷರ ಅಂಟಿಕೊಳ್ಳದಂತೆ ನಡುವೆ ಇರಬೇಕಾದ ಕಣ್ಣಿಗೆ ಕಾಣದ ಚಿಹ್ನೆ ಹಳೆಯ ಫಾಂಟಿನಲ್ಲಿ ಇರುವುದೇ ಇಲ್ಲ. ‘ರ‍್ಯಾಂಕ್’ ಅನ್ನೋದು ಅರ್ಕಾವತ್ತು ಬಂದು ‘ರ್ಯಾಂಕ್’ ಆಗುವುದಕ್ಕೂ ಅಂಥದೇ ಕಾರಣ. ಈ ಅರ್ಕಾವತ್ತಿನ ತಪ್ಪಿಗೆ ಮೇಷ್ಟ್ರು ಮೂರು ಕಡೆ ಗುರುತು ಹಾಕಿದ್ದರು. ನಾನು ಇಡೀ ಫೈಲಿನಲ್ಲಿ ಹುಡುಕಿದಾಗ ಇನ್ನೂ 11 ಕಡೆ ಸಿಕ್ಕವು. ಗಿರಾಕಿ ಒಂದು ತಪ್ಪು ತೋರಿಸಿದರೆ ಅದರ ಅಣ್ಣತಮ್ಮಂದಿರನ್ನೆಲ್ಲ ಹುಡುಕುವುದು ನಮ್ಮ ಕೆಲಸ. ಹೊಸ ಆಸೆಯನ್ನು ಅವರು ಹೇಳಿದ ಜಾಗದಲ್ಲಿ ಮಾತ್ರ ಮಾಡುತ್ತೇನೆ. ತಪ್ಪನ್ನು ಬುಡದವರೆಗೆ ಹೋಗಿ ತಿದ್ದುತ್ತೇನೆ.

ಒಂಬತ್ತು ಗುರುತು ಬೇರೆ ಥರ. ನೋಟ್‌ಬುಕ್ಕಿನಲ್ಲೇ ತಪ್ಪಿತ್ತು, ನಾವು ಅದನ್ನು ಹಾಗೇ ಟೈಪ್ ಮಾಡಿದ್ದೆವು. ಕೆರೆ ಒಣಗಿದ್ದು ಮೂರನೇ ಅಧ್ಯಾಯದಲ್ಲಿ 1972, ಒಂಬತ್ತನೇ ಅಧ್ಯಾಯದಲ್ಲಿ 1973. ಒಂದು ಕಡೆ ಸರಿಮಾಡಿ ಅಂದರು. ಇದು ತಿದ್ದುಪಡಿಯೇ, ಆದರೆ ಅವರ ಬರಹದ ತಿದ್ದುಪಡಿ, ನಮ್ಮ ಕೆಲಸದ್ದಲ್ಲ. ಹಳೆಯ ಪ್ರೆಸ್ಸಿನ ಲೆಕ್ಕದಲ್ಲಿ ಅವರೇ ದುಡ್ಡು ಕೊಡಬೇಕು. ಇಂಥದ್ದಕ್ಕೆ ನಾನು ತಗೊಳ್ಳುವುದಿಲ್ಲ, ಅರ್ಧ ನಿಮಿಷದ ಕೆಲಸ. ಆದರೂ ಪಟ್ಟಿಯಲ್ಲಿ ಬೇರೆಯಾಗಿಯೇ ಬರೆಯುತ್ತೇನೆ. ಅಂಥವು ಜಾಸ್ತಿ ಇದ್ದರೆ ಬರಹವನ್ನೇ ಇನ್ನೊಮ್ಮೆ ಯಾರಾದರೂ ಓದಬೇಕು ಅಂತ ಅರ್ಥ. ಆ ಮಾತನ್ನು ಪುಟ ಕಟ್ಟುವ ಮೊದಲು ಹೇಳುವುದೇ ಒಳ್ಳೆಯದು.

ಕಷ್ಟವಾಗಿದ್ದು ಏಳು ಗುರುತು. ಅದರಲ್ಲಿ ಒಂದನ್ನು ಹೇಳುತ್ತೇನೆ. ಚೀಟಿಯಲ್ಲಿ ‘ಪ್ರತಿ ಅಧ್ಯಾಯ ಹೊಸ ಪುಟದಿಂದ’ ಎಂದು ಬರೆದಿತ್ತು. ನಾನು ಹಿಂದಿನ ಅಧ್ಯಾಯ ಮುಗಿದ ಮುಂದಿನ ಪುಟದಿಂದ ಶುರುಮಾಡಿದ್ದೆ, ಅದು ಎಡಪುಟವಾದರೂ ಸರಿ, ಬಲಪುಟವಾದರೂ ಸರಿ. ಮೇಷ್ಟ್ರ ಮನಸ್ಸಿನಲ್ಲಿ ಇದ್ದದ್ದು ಬಲಪುಟ. ಅವರ ಮನೆಯಲ್ಲಿರುವ ಹಳೆಯ ಪುಸ್ತಕಗಳಲ್ಲಿ ಹಾಗೇ ಇದೆಯಂತೆ. “ಹೊಸ ಪುಟ ಅಂದ್ರೆ ಅದೇ ಅಲ್ವಾ?” ಎಂದು ಕೇಳಿದರು.

ಚೀಟಿಯ ಅಕ್ಷರ ಹಿಡಿದು ವಾದಿಸಿದರೆ ಗೆಲ್ಲುತ್ತಿದ್ದೆ. ಆದರೆ ಅದು ನ್ಯಾಯ ಅಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಆ ಮಾತಿಗೆ ಎರಡು ಅರ್ಥ ಇದೆ ಅಂತ ಆ ದಿನ ಗೊತ್ತಿದ್ದದ್ದು ನನಗೆ ಮಾತ್ರ. ದಿನಾ ಪುಟ ಕಟ್ಟುವವಳು ನಾನು, ಜೀವನದಲ್ಲಿ ಒಂದೇ ಪುಸ್ತಕ ಮಾಡಿಸುತ್ತಿರುವವರು ಅವರು. ಕೇಳಬೇಕಾಗಿದ್ದವಳು ನಾನು. ಎರಡು ಅರ್ಥ ಬರುವ ಮಾತಿನಲ್ಲಿ ಅನುಮಾನ ಯಾರಿಗೆ ಬರಬೇಕಿತ್ತೋ ಅವರದೇ ಹೊಣೆ. ಅದನ್ನು ನಮ್ಮ ಪಟ್ಟಿಗೆ ಹಾಕಿಕೊಂಡೆ.

ಚೀಟಿಯಲ್ಲೂ ಇಲ್ಲದ, ಸ್ಯಾಂಪಲ್ಲಿನಲ್ಲೂ ಇಲ್ಲದ ಇನ್ನೊಂದು ಗುರುತು 73ನೇ ಪುಟದಲ್ಲಿತ್ತು. ಒಂದು ಉಪಶೀರ್ಷಿಕೆ ಪುಟದ ಕೊನೇ ಸಾಲಿನಲ್ಲಿ ಒಂಟಿಯಾಗಿ ಉಳಿದು, ಅದರ ಪ್ಯಾರಾ ಮುಂದಿನ ಪುಟಕ್ಕೆ ಹೋಗಿತ್ತು. ಹಾಗೆ ಬಿಡಬೇಡಿ ಅಂತ ಯಾರೂ ಹೇಳಿರಲಿಲ್ಲ. ಆದರೆ ಅಡುಗೆಗೆ ಉಪ್ಪು ಹಾಕಿ ಅಂತ ಯಾರೂ ಬರೆದುಕೊಡುವುದಿಲ್ಲ. ಕಸುಬು ಗೊತ್ತಿರುವವರು ಹೇಳದೆಯೇ ಮಾಡಬೇಕಾದದ್ದು ಅದು. ‘ಕೇಳಿರಲಿಲ್ಲ’ ಅನ್ನುವ ಒಂದೇ ಕಾರಣಕ್ಕೆ ಅದನ್ನು ಹೊಸ ಆಸೆಯ ಲೆಕ್ಕಕ್ಕೆ ತಳ್ಳಿದರೆ, ಜನ ತಮಗೆ ಸಲ್ಲಬೇಕಾದ್ದನ್ನೇ ಬೇಡಿ ಪಡೆಯಬೇಕಾಗುತ್ತದೆ.

ಉಳಿದ 12 ಹೊಸವು. ‘ಅಕ್ಷರ ಸಣ್ಣದಾಗಿದೆ, ಸರಿಮಾಡಿ’ ಅವುಗಳಲ್ಲಿ ಒಂದು. ಓದಿದರೆ ತಪ್ಪು ತೋರಿಸಿದ ಹಾಗೇ ಇದೆ. ಸ್ಯಾಂಪಲ್ ತೆಗೆದು ಪ್ರೂಫಿನ ಪಕ್ಕ ಇಟ್ಟೆ. ಎರಡೂ 12 ಪಾಯಿಂಟ್, ಎರಡೂ ಒಂದೇ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಹೌದು, ನಾನೇ ಒಪ್ಪಿದ್ದೆ. ನಾಲ್ಕು ಪುಟ ಬೆಳಗ್ಗೆ ಬೆಳಕಲ್ಲಿ ಓದಿದ್ದೆ. ಇದನ್ನ ರಾತ್ರಿ ಓದಿದೆ. ನನ್ನ ಸ್ನೇಹಿತರೆಲ್ಲ ನನ್ನ ವಯಸ್ಸಿನವರೇ ಅಲ್ವಾ?”

ಇದು ಹೊಸ ಆಸೆ. ಅಷ್ಟೇ ಅಲ್ಲ, ಸರಿಯಾದ ಆಸೆ. ನಾಲ್ಕು ಪುಟ ನೋಡಿ ಗೊತ್ತಾಗದ್ದು ನೂರು ಪುಟ ಓದಿದಾಗ ಗೊತ್ತಾಗುತ್ತದೆ. ಕರಡು ಕೈಗೆ ಬರುವವರೆಗೆ ತಮಗೆ ಏನು ಬೇಕು ಅಂತ ಪೂರ್ತಿ ತಿಳಿದವರನ್ನು ನಾನು ನೋಡಿಲ್ಲ. ‘ಮೊದಲೇ ಯಾಕೆ ಹೇಳಲಿಲ್ಲ’ ಎಂದು ನಾನು ಈಗ ಯಾರನ್ನೂ ಕೇಳುವುದಿಲ್ಲ. ಹೊಸದು ಅಂತ ಒಪ್ಪಿಕೊಂಡ ಮೇಲೆ ಅದರಿಂದ ಏನೇನಾಗುತ್ತದೆ ಅಂತ ಲೆಕ್ಕ ಹಾಕಿ ಅವರ ಮುಂದೆ ಇಡುತ್ತೇನೆ.

ಆ ಲೆಕ್ಕವನ್ನು ಅಲ್ಲೇ ಮಾಡಿದೆವು. 12 ಪಾಯಿಂಟಿನಿಂದ 13ಕ್ಕೆ ಹೋದರೆ ಅಕ್ಷರ ಅಗಲಕ್ಕೂ ಬೆಳೆಯುತ್ತದೆ, ಎತ್ತರಕ್ಕೂ ಬೆಳೆಯುತ್ತದೆ. ಹಾಗಾಗಿ ಬರಹ ಹಿಡಿಯುವ ಜಾಗ ಸುಮಾರು ಆರರಲ್ಲಿ ಒಂದು ಪಾಲು ಜಾಸ್ತಿಯಾಗುತ್ತದೆ. ಸಾಲುಗಳನ್ನು ಹತ್ತಿರ ತಂದು ಉಳಿಸೋಣ ಅಂದರೆ ಕನ್ನಡದಲ್ಲಿ ಅದು ಆಗದ ಮಾತು. ‘ರಾಷ್ಟ್ರ’ದಂಥ ಪದದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತವೆ. 126 ಪುಟದಲ್ಲಿ ಫೋಟೊಗಳಿಗೆ ಹೋಗಿದ್ದು 18, ಅವು ಬೆಳೆಯುವುದಿಲ್ಲ. ಬರಹದ 108 ಪುಟ ಸುಮಾರು 127 ಆಗುತ್ತದೆ. ಒಟ್ಟು 145. ಒಂಬತ್ತು ಫಾರಂ ಅಂದರೆ 144, ಅದಕ್ಕೂ ಒಂದು ಪುಟ ಜಾಸ್ತಿ. ಅಂದರೆ ಒಂಬತ್ತೂವರೆ ಫಾರಂಗೆ ಹೋಗಬೇಕು, ಇಲ್ಲವೇ ಎಲ್ಲೋ ಒಂದು ಪುಟ ಕಡಿಮೆ ಮಾಡಬೇಕು.

ಇಲ್ಲಿ ಒಂದು ವಿಷಯ ಹೇಳಬೇಕು. ನನಗೆ ಇದು ತಡವಾಗಿ ಗೊತ್ತಾಯಿತು. ‘ಮೊದಲು ನಮ್ಮ ತಪ್ಪು ತಿದ್ದು, ಆಮೇಲೆ ಹೊಸದು ಮಾಡು’ ಅನ್ನುವ ನಿಯಮ ಪೂರ್ತಿ ಸರಿಯಲ್ಲ. ಅಧ್ಯಾಯಗಳನ್ನು ಬಲಪುಟಕ್ಕೆ ತರುವುದು, 73ನೇ ಪುಟದ ಉಪಶೀರ್ಷಿಕೆ, ಇವೆರಡೂ ನಮ್ಮ ಪಟ್ಟಿಯಲ್ಲೇ ಇದ್ದವು. ಆದರೆ ಅಕ್ಷರದ ಅಳತೆ ಬದಲಾದರೆ ಎಲ್ಲಾ ಪುಟಗಳೂ ಜರುಗುತ್ತವೆ. ಇವತ್ತು ಸರಿಮಾಡಿದ ಉಪಶೀರ್ಷಿಕೆ ನಾಳೆ ಇನ್ನೊಂದು ಪುಟದ ನಡುವೆ ಹೋಗಿ ಕೂರುತ್ತದೆ. ಆದ್ದರಿಂದ ನಾನು ಈಗ ಮೂರು ಹಂತ ಮಾಡುತ್ತೇನೆ. ಮೊದಲು ಅಕ್ಷರಕ್ಕೆ, ಪದಕ್ಕೆ ಸಂಬಂಧಿಸಿದ ತಪ್ಪುಗಳನ್ನೆಲ್ಲ ತಿದ್ದಿ, ತಿದ್ದಿದ ಪುಟಗಳನ್ನು ಮಾತ್ರ ಪ್ರಿಂಟ್ ತೆಗೆದು ತೋರಿಸುತ್ತೇನೆ. ಬೇರೆ ಏನೂ ಬದಲಾಗಿರುವುದಿಲ್ಲವಾದ್ದರಿಂದ ಹಳೆಯದರ ಪಕ್ಕ ಇಟ್ಟು ಹೋಲಿಸಲು ಸುಲಭ. ಆಮೇಲೆ ಪುಟ ಜರುಗಿಸುವ ಹೊಸ ಆಸೆಗಳ ತೀರ್ಮಾನ. ಅವು ಮುಗಿದ ಮೇಲೆಯೇ ಬಲಪುಟ, ಒಂಟಿ ಸಾಲು, ಪರಿವಿಡಿಯ ಪುಟಸಂಖ್ಯೆ.

ಮೇಷ್ಟ್ರ ಮೊಮ್ಮಗ ರಾತ್ರಿ ಹೊತ್ತು ವಾಟ್ಸ್ಯಾಪಿನಲ್ಲಿ ಅವರ ವಾಯ್ಸ್ ಮೆಸೇಜ್ ಕಳಿಸುತ್ತಿದ್ದ. ‘ಮುನ್ನುಡಿ ಕೊನೆಗೆ ಇನ್ನೊಂದು ಸಾಲು’, ‘ಆ ಬಾವಿ ಫೋಟೊ ಬೇಡ’. ಬಂದದ್ದನ್ನು ಬಂದ ದಿನವೇ ಮಾಡುತ್ತಿರಲಿಲ್ಲ. ಅದೇ ಪಟ್ಟಿಯ ಕೆಳಗೆ ತಾರೀಖು ಹಾಕಿ ಬರೆಯುತ್ತಿದ್ದೆ. ಮುಂದಿನ ಸಲ ಬಂದಾಗ ಇಬ್ಬರೂ ಕೂತು ನೋಡಿದರೆ ಅವುಗಳಲ್ಲಿ ಎರಡು ತಾವಾಗಿಯೇ ಬಿದ್ದುಹೋದವು. ಬಾವಿ ಫೋಟೊ ಇರಲಿ ಅಂದರು.

ಈಗ 87ನೇ ಪುಟಕ್ಕೆ ಬರುತ್ತೇನೆ. ಆ ‘ಬಿಟ್ಟುಹೋಗಿದೆ’ಯನ್ನು ನಾನು ತಿದ್ದುಪಡಿ ಅಂದುಕೊಂಡಿದ್ದರೆ ಏನಾಗುತ್ತಿತ್ತು? ಏನು ಸೇರಿಸಬೇಕು ಹೇಳಿ ಮೇಷ್ಟ್ರೇ ಅನ್ನುತ್ತಿದ್ದೆ. ಅವರು ನಿಂತಲ್ಲೇ ಒಂದು ಸಾಲು ಹೇಳುತ್ತಿದ್ದರು, ‘ಆ ಜಾತ್ರೆಗೆ ನನ್ನ ಹೆಂಡತಿಯೂ ಬಂದಿದ್ದಳು’ ಅಂತಲೋ ಏನೋ. ಪುಟದಲ್ಲಿ ಎರಡು ಸಾಲಿನ ಜಾಗ ಇತ್ತು, ಅದು ಅಲ್ಲಿಗೆ ಸರಿಹೋಗುತ್ತಿತ್ತು. ತಿದ್ದುಪಡಿ ಅಂದ ಕೂಡಲೇ ಎಲ್ಲರಿಗೂ ಬೇಗ ಮುಗಿಸುವ ಆತುರ. ಹೊಸ ಆಸೆಯನ್ನು ತಪ್ಪಿನ ಪಟ್ಟಿಗೆ ತುರುಕಿದರೆ ನಷ್ಟ ನನಗೆ ಮಾತ್ರ ಅಲ್ಲ. ಆ ಆಸೆಯೂ ಕುಗ್ಗಿ, ಖಾಲಿ ಇರುವ ಜಾಗದಷ್ಟೇ ಆಗಿಬಿಡುತ್ತದೆ.

ಅವತ್ತು ನಾನು ಹೇಳಿದ್ದು ಇಷ್ಟೇ: “ಮೇಷ್ಟ್ರೇ, ಇದು ಬಿಟ್ಟುಹೋಗಿರೋದಲ್ಲ. ನೀವು ಇನ್ನೂ ಬರೆದೇ ಇಲ್ಲ. ಅಕ್ಷರ ದೊಡ್ಡದು ಮಾಡಿದರೆ ಹೇಗೂ ಒಂದೂವರೆ ಫಾರಂ ಜಾಸ್ತಿ ಹಾಕಬೇಕು, ಅದರಲ್ಲಿ ಜಾಗ ಇದೆ. ಮನೆಗೆ ಹೋಗಿ ಬರೆಯಿರಿ. ಅಲ್ಲಿವರೆಗೆ ನಮ್ಮ ತಪ್ಪುಗಳನ್ನ ತಿದ್ದಿರ್ತೀನಿ.”

ಎಂಟು ದಿನ ಬಿಟ್ಟು ಬಂದರು. ಅದೇ ನಮೂನೆಯ ನೋಟ್‌ಬುಕ್ಕಿನ ನಾಲ್ಕು ಹಾಳೆ, ಎರಡೂ ಬದಿ ಬರೆದಿದ್ದರು. ಊರಿಗೆ ಸೊಸೆಯಾಗಿ ಬಂದ ದಿನ ಕೆರೆಯಿಂದ ನೀರು ಹೊತ್ತು ತಂದದ್ದರಿಂದ ಶುರುವಾಗುತ್ತದೆ. ಟೈಪ್ ಮಾಡಿದಾಗ ಮೂರು ಪುಟವಾಯಿತು. 15ನೇ ಅಧ್ಯಾಯ. 145ಕ್ಕೆ ಮೂರು ಸೇರಿ 148. ಅಧ್ಯಾಯಗಳನ್ನೆಲ್ಲ ಬಲಪುಟಕ್ಕೆ ತಂದಾಗ ನಡುನಡುವೆ ನಾಲ್ಕು ಖಾಲಿ ಪುಟ ಬಂದವು. ಒಟ್ಟು 152, ಸರಿಯಾಗಿ ಒಂಬತ್ತೂವರೆ ಫಾರಂ. ಹಳೆಯ ಚೀಟಿಯ ಕೆಳಗೆ ಹೊಸ ಸಾಲು ಬರೆದೆವು: ಒಂದೂವರೆ ಫಾರಂ ಜಾಸ್ತಿ, ಅದಕ್ಕೆ ಇಷ್ಟು. ನಮ್ಮ ತಪ್ಪುಗಳ ತಿದ್ದುಪಡಿಗೆ ಏನೂ ಇಲ್ಲ. ಮೇಷ್ಟ್ರು ಓದಿ, ಕೆಳಗೆ ಮತ್ತೆ ಸಹಿ ಮಾಡಿದರು. ಒಂದು ಮಾತೂ ಹೆಚ್ಚುಕಮ್ಮಿ ಆಗಲಿಲ್ಲ.

ಎರಡನೇ ಪ್ರೂಫ್ ವಾಪಸ್ ಬಂದಾಗ ಆರೇ ಗುರುತು ಇದ್ದವು. ಐದು ಕೆಂಪಿನಲ್ಲಿ, ಐದೂ ನಮ್ಮವೇ. ಆರನೆಯದು ಕೊನೆಯ ಅಧ್ಯಾಯದಲ್ಲಿ. ಹೆಂಡತಿಯ ಹೆಸರನ್ನು ಅವರು ಬರೆದಿದ್ದ ಹಾಗೆಯೇ ನಾವು ಹಾಕಿದ್ದೆವು. ಅದರ ಮುಂದೆ ‘ಅಮ್ಮ’ ಎಂದು ಸೇರಿಸಿದ್ದರು, ಊರಿನವರೆಲ್ಲ ಕರೆಯುತ್ತಿದ್ದುದು ಹಾಗಂತೆ. ಆ ಒಂದು ಗುರುತಿಗೆ ಮಾತ್ರ ನೀಲಿ ಪೆನ್ನು. ಅಂಚಿನಲ್ಲಿ ಸಣ್ಣದಾಗಿ ‘ಇದು ನಂದು’ ಎಂದು ಬರೆದಿದ್ದರು.